ಹನ್ನೆರಡು ಪೋಸ್ಟ್‌ಗೆ ಆರುನೂರು ಡಾಲರ್: ಅದು ಬೆಲೆ ಅಲ್ಲ, ಊಹೆ

ನಮ್ಮ ಚಿಕ್ಕಮ್ಮನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ನನಗಿಂತ ಮೂರು ವರ್ಷ ದೊಡ್ಡವಳು, ಹಾಗಾಗಿ ಅಕ್ಕ. ಎಚ್-4 ವೀಸಾದಲ್ಲಿ ಬಂದು, ಕೆಲಸ ಮಾಡೋ ಅನುಮತಿ ಇಲ್ಲದೆ ಐದು ವರ್ಷ ಮನೆಯಲ್ಲಿ ಕಳೆದಳು. ಕೊನೆಗೆ ಇಎಡಿ ಕಾರ್ಡ್ ಕೈಗೆ ಬಂದಾಗ ಸೋಷಿಯಲ್ ಮೀಡಿಯಾ ಮ್ಯಾನೇಜರ್ ಆಗಿ ಫ್ರೀಲಾನ್ಸ್ ಕೆಲಸ ಶುರು ಮಾಡಿದಳು. ಮೊದಲ ಗ್ರಾಹಕರು ನಮ್ಮ ಕಡೆಯವರೇ, ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸಿಕೊಡೋ ಒಬ್ಬ ಕೇಟರಿಂಗ್ ಅಂಕಲ್. ಒಪ್ಪಂದ ಫೋನಿನಲ್ಲೇ ಮುಗಿಯಿತು. "ನೋಡಮ್ಮ, ತಿಂಗಳಿಗೆ ಹನ್ನೆರಡು ಪೋಸ್ಟ್ ಹಾಕು, ಆರುನೂರು ಡಾಲರ್ ಕೊಡ್ತೀನಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎಲ್ಲ ನೀನೇ ಸ್ವಲ್ಪ ನೋಡ್ಕೋ."

ಅಕ್ಕ ಮನಸ್ಸಲ್ಲೇ ಲೆಕ್ಕ ಹಾಕಿದಳು. ಒಂದು ಪೋಸ್ಟಿಗೆ ಒಂದೂವರೆ ಗಂಟೆ, ಹನ್ನೆರಡಕ್ಕೆ ಹದಿನೆಂಟು ಗಂಟೆ. ಅಂದರೆ ಗಂಟೆಗೆ 33 ಡಾಲರ್. ಐದು ವರ್ಷ ಸಂಬಳವೇ ಇಲ್ಲದೆ ಇದ್ದವಳಿಗೆ ಇದು ಚೆನ್ನಾಗೇ ಕಂಡಿತು. ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಫೋನ್ ಮಾಡಿ, "ಕೆಲಸ ಮುಗಿಯೋದೇ ಇಲ್ಲ ಕಣೋ, ನನಗೇ ಸ್ಪೀಡ್ ಇಲ್ವೇನೋ ಅನ್ಸತ್ತೆ" ಅಂದಳು.

ಅವಳಿಗೆ ಸ್ಪೀಡ್ ಇತ್ತು. ತಪ್ಪಿದ್ದು ಬೆಲೆ ಕಟ್ಟಿದ ರೀತಿಯಲ್ಲಿ. ಈ ತಪ್ಪನ್ನು ಕೆಲಸ ಕೊಡೋವ್ರೂ ಮಾಡ್ತಾರೆ, ಕೆಲಸ ಮಾಡೋವ್ರೂ ಮಾಡ್ತಾರೆ. ನನ್ನ ವಾದ ಇಷ್ಟೇ: ಸೋಷಿಯಲ್ ಮೀಡಿಯಾ ರಿಟೈನರ್‌ಗೆ ಪೋಸ್ಟುಗಳ ಲೆಕ್ಕದಲ್ಲಿ ಬೆಲೆ ಕಟ್ಟೋದನ್ನು ನಿಲ್ಲಿಸಬೇಕು. ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ, ಒಟ್ಟು ಎಷ್ಟು ಗಂಟೆ ಅನ್ನೋದನ್ನು ಬರೆದ ಮೇಲೆ ಮಾತ್ರ ಬೆಲೆ ಹೇಳಬೇಕು. ಹಾಗೆ ಬರೆಯದೇ ಇರೋ ಒಪ್ಪಂದದಲ್ಲಿ ವ್ಯತ್ಯಾಸದ ದುಡ್ಡನ್ನು ಯಾವಾಗಲೂ ಒಬ್ಬರೇ ತುಂಬ್ತಾರೆ. ನಮ್ಮ ಸಮುದಾಯದಲ್ಲಿ ಅದು ಹೆಚ್ಚಾಗಿ ಅಕ್ಕನಂಥವರು, ರೆಸ್ಯುಮೆಯಲ್ಲಿ ದೊಡ್ಡ ಗ್ಯಾಪ್ ಇರೋದರಿಂದ ಕೇಳೋಕೆ ಧೈರ್ಯ ಸಾಲದವರು.

ಒಂದು ತಿಂಗಳ ಲಾಗ್

ನಾನು ಹೊಟ್ಟೆಪಾಡಿಗೆ ಡೇಟಾ ಸೈಂಟಿಸ್ಟ್. ಹಾಗಾಗಿ ಸಮಾಧಾನ ಹೇಳೋ ಬದಲು ಒಂದು ಶೀಟ್ ಮಾಡಿಕೊಟ್ಟೆ. ಮೂರೇ ಕಾಲಂ: ತಾರೀಕು, ಏನು ಮಾಡಿದೆ, ಎಷ್ಟು ನಿಮಿಷ. 2025ರ ಮಾರ್ಚ್ ಪೂರ್ತಿ ಅಕ್ಕ ಅದನ್ನು ತುಂಬಿದಳು. ರಾತ್ರಿ ಹತ್ತು ಗಂಟೆಗೆ ಸೋಫಾ ಮೇಲೆ ಕೂತು ಕೊಟ್ಟ ರಿಪ್ಲೈಗಳನ್ನೂ ಬರೆಯಬೇಕು ಅನ್ನೋದು ನನ್ನ ಒಂದೇ ಷರತ್ತು.

ತಿಂಗಳ ಕೊನೆಗೆ ಒಟ್ಟು 50 ಗಂಟೆ ಆಗಿತ್ತು. ಅದರಲ್ಲಿ ಪೋಸ್ಟ್ ತಯಾರಿಗೆ ಹೋಗಿದ್ದು 19 ಗಂಟೆ. ಅಂದರೆ ಅವಳ ಮೊದಲಿನ ಅಂದಾಜು ಹೆಚ್ಚುಕಮ್ಮಿ ಸರಿಯಾಗೇ ಇತ್ತು! ಉಳಿದ 31 ಗಂಟೆ ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ಡಿಎಂ ಮತ್ತು ಕಾಮೆಂಟುಗಳಿಗೆ ಉತ್ತರ ಕೊಡೋದಕ್ಕೆ 14 ಗಂಟೆ. "ಆ ಹೋಳಿಗೆ ಫೋಟೋ ತೆಗೆದು ಬೇರೆ ಹಾಕಮ್ಮ" ಅನ್ನೋ ತಿದ್ದುಪಡಿಗಳಿಗೆ 8 ಗಂಟೆ. ಕಳಿಸ್ತೀನಿ ಅಂದ ಫೋಟೋಗಳಿಗಾಗಿ ಹಿಂದೆ ಬೀಳೋದಕ್ಕೆ, ಕತ್ತಲಲ್ಲಿ ತೆಗೆದ ಫೋಟೋಗಳನ್ನು ಸರಿಮಾಡೋದಕ್ಕೆ 5. ವಾಟ್ಸಾಪ್, ಫೋನ್ ಮಾತುಕತೆಗೆ 4.

ಆರುನೂರನ್ನು ಐವತ್ತರಿಂದ ಭಾಗಿಸಿ. ಗಂಟೆಗೆ 12 ಡಾಲರ್. ಆ ವರ್ಷ ನ್ಯೂಜೆರ್ಸಿಯ ಸಾಮಾನ್ಯ ಕನಿಷ್ಠ ವೇತನ 15.49 ಡಾಲರ್. ಅಮೆರಿಕದಲ್ಲಿ ಸ್ವಂತಕ್ಕೆ ದುಡಿಯೋರು ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್‌ನ ಎರಡೂ ಪಾಲನ್ನು ತಾವೇ ಕಟ್ಟಬೇಕು. ದರ 15.3 ಶೇಕಡಾ, ಅದು ನಿವ್ವಳ ಆದಾಯದ 92.35 ಶೇಕಡಾ ಮೇಲೆ ಬೀಳತ್ತೆ. ಅದನ್ನು ಕಳೆದರೆ ಗಂಟೆಗೆ ಉಳಿಯೋದು ಹತ್ತು ಡಾಲರ್ ಚಿಲ್ಲರೆ. ಇನ್ಕಮ್ ಟ್ಯಾಕ್ಸ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಪೋಸ್ಟ್ ಲೆಕ್ಕ ಯಾಕೆ ಮೋಸ ಮಾಡತ್ತೆ ಅನ್ನೋದು ಇಲ್ಲೇ ಕಾಣತ್ತೆ. ಪೋಸ್ಟ್ ಎಣಿಸೋಕೆ ಸುಲಭ, ಎರಡೂ ಕಡೆಯವರಿಗೆ ಕಣ್ಣಿಗೆ ಕಾಣತ್ತೆ. ಆದರೆ ಒಂದು ಪೋಸ್ಟ್ ಯಾವಾಗ ಮುಗೀತು ಅನ್ನೋದನ್ನು ಆ ಸಂಖ್ಯೆ ಹೇಳಲ್ಲ. ಮೂರು ಸಲ ತಿದ್ದಿದ ರೀಲೂ ಒಂದೇ, ಮೊದಲನೇ ಸಲಕ್ಕೇ ಒಪ್ಪಿದ ಫೋಟೋನೂ ಒಂದೇ. ಡಿಎಂ ಅಂತೂ ಆ ಎಣಿಕೆಯಲ್ಲೇ ಇಲ್ಲ. ಅದಕ್ಕಿಂತ ಕೆಟ್ಟದ್ದು, ಕೆಲಸ ಚೆನ್ನಾಗಿ ಆದಷ್ಟೂ ಡಿಎಂ ಜಾಸ್ತಿ ಆಗ್ತವೆ. ಒಂದು ರೀಲ್ ಓಡಿದರೆ ಮಾರನೇ ದಿನ ನಲವತ್ತು ಜನ "ನೂರು ಜನಕ್ಕೆ ಎಷ್ಟಾಗತ್ತೆ?" ಅಂತ ಕೇಳ್ತಾರೆ. ಅಂದರೆ ಆ ಒಪ್ಪಂದದಲ್ಲಿ ಅಕ್ಕ ಎಷ್ಟು ಚೆನ್ನಾಗಿ ಕೆಲಸ ಮಾಡ್ತಾಳೋ ಅವಳ ಗಂಟೆಯ ಕೂಲಿ ಅಷ್ಟು ಇಳೀತಿತ್ತು.

ಗಂಟೆಯ ದರ ಎಲ್ಲಿಂದ ಬರಬೇಕು

"ಮಾರ್ಕೆಟ್ ರೇಟ್ ಎಷ್ಟಿದೆ ಅಂತ ಗೂಗಲ್ ಮಾಡ್ಲಾ?" ಅಂತ ಅಕ್ಕ ಕೇಳಿದಳು. ಬೇಡ ಅಂದೆ. ಅಲ್ಲಿ ಸಿಗೋ ಅಂಕಿಗಳು ಎಷ್ಟು ಅಗಲವಾಗಿ ಹರಡಿಕೊಂಡಿರ್ತವೆ ಅಂದರೆ, ನಮಗೆ ಬೇಕಾದ ಉತ್ತರ ಅದರೊಳಗೆ ಯಾವಾಗಲೂ ಸಿಗತ್ತೆ. ಮೊದಲು ನಿನಗೆ ಎಷ್ಟು ಬೇಕು ಅನ್ನೋದರಿಂದ ಶುರು ಮಾಡು ಅಂದೆ.

ಇದೇ ಕೆಲಸಕ್ಕೆ ಒಂದು ಕಂಪನಿಗೆ ಸೇರಿದರೆ ವರ್ಷಕ್ಕೆ 46,000 ಡಾಲರ್ ಸಿಕ್ಕರೆ ಸಾಕು ಅಂತ ಅವಳ ಲೆಕ್ಕ. ಕಂಪನಿ ಅವಳ ಪರವಾಗಿ ಕಟ್ಟುತ್ತಿದ್ದ 7.65 ಶೇಕಡಾ ಪಾಲು ಸುಮಾರು 3,500. ಡಿಸೈನ್ ಮತ್ತು ಶೆಡ್ಯೂಲಿಂಗ್ ಸಾಫ್ಟ್‌ವೇರ್, ಫೋನ್, ಟ್ರೈಪಾಡ್, ಓಡಾಟ ಎಲ್ಲ ಸೇರಿ 2,500. ಒಟ್ಟು 52,000. ಹೆಲ್ತ್ ಇನ್ಶೂರೆನ್ಸ್ ಭಾವನ ಆಫೀಸಿನಿಂದ ಇದೆ. ಅದಿಲ್ಲದವರು ಆ ಖರ್ಚನ್ನೂ ಇಲ್ಲೇ ಸೇರಿಸಬೇಕು, ಅದು ಸಣ್ಣ ಮೊತ್ತ ಅಲ್ಲ.

ಈಗ ಭಾಗಿಸೋ ಸಂಖ್ಯೆ. ಎಲ್ಲರೂ ಎಡವೋದು ಇಲ್ಲೇ. ವಾರಕ್ಕೆ 40 ಗಂಟೆ, 52 ವಾರ ಅಂತ ಹಾಕಿದರೆ ಗಂಟೆಗೆ 25 ಡಾಲರ್ ಬರತ್ತೆ, ಆದರೆ ಅದು ನಡೆಯೋ ಮಾತಲ್ಲ. ಹೊಸ ಗ್ರಾಹಕರನ್ನು ಹುಡುಕೋದು, ಇನ್‌ವಾಯ್ಸ್, ಟ್ಯಾಕ್ಸ್, ಹೊಸದನ್ನು ಕಲಿಯೋದು, ಇದಕ್ಕೆಲ್ಲ ಯಾರೂ ದುಡ್ಡು ಕೊಡಲ್ಲ. ಅಕ್ಕನ ಮಟ್ಟಿಗೆ ಬಿಲ್ ಮಾಡಬಹುದಾದ ಸಮಯ ವಾರಕ್ಕೆ 25 ಗಂಟೆ. ಜ್ವರ, ಮಕ್ಕಳ ರಜೆ, ಊರಿಗೆ ಹೋಗೋದು ಬಿಟ್ಟರೆ ವರ್ಷಕ್ಕೆ 46 ವಾರ. ಅಂದರೆ 1,150 ಗಂಟೆ. 52,000 ಭಾಗಿಸು 1,150, ಹತ್ತಿರ ಹತ್ತಿರ 45 ಡಾಲರ್. ಇದು ಅವಳ ನೆಲ, ಇದಕ್ಕಿಂತ ಕೆಳಗೆ ಹೋದರೆ ಕೆಲಸಕ್ಕೆ ಸೇರೋದೇ ಮೇಲು.

ಎಲ್ಲೆ ಬರೆಯೋದು

ರಿಟೈನರ್ ಅಂದರೆ ಪ್ರತಿ ತಿಂಗಳೂ ಒಂದೇ ಮೊತ್ತ, ಅದಕ್ಕೆ ಪ್ರತಿಯಾಗಿ ಮೊದಲೇ ಒಪ್ಪಿಕೊಂಡಷ್ಟು ಕೆಲಸ. ಆ "ಒಪ್ಪಿಕೊಂಡಷ್ಟು" ಅನ್ನೋದನ್ನೇ ಸ್ಕೋಪ್ ಅಂತಾರೆ. ಅಕ್ಕ ಮತ್ತು ನಾನು ಕೂತು ಕೇಟರಿಂಗ್ ಅಂಕಲ್‌ಗೆ ಹೊಸದಾಗಿ ಬರೆದಿದ್ದು ಹೀಗಿತ್ತು.

ಇನ್‌ಸ್ಟಾಗ್ರಾಮ್ ಒಂದೇ, ಅಲ್ಲಿ ಹಾಕಿದ್ದೇ ಫೇಸ್‌ಬುಕ್‌ಗೂ ಹೋಗತ್ತೆ. ತಿಂಗಳಿಗೆ ಎಂಟು ಪೋಸ್ಟ್, ಅದರಲ್ಲಿ ನಾಲ್ಕು ರೀಲ್, ನಾಲ್ಕು ಫೋಟೋ. ಪ್ಲಾನ್ ಮಾಡೋಕೆ 2 ಗಂಟೆ, ತಿಂಗಳಿಗೊಂದು ಸಲ ಅಡುಗೆಮನೆಗೆ ಹೋಗಿ ಶೂಟಿಂಗ್ 3 ಗಂಟೆ, ರೀಲುಗಳಿಗೆ 7, ಫೋಟೋ ಪೋಸ್ಟುಗಳಿಗೆ 4. ಎಲ್ಲ ಪೋಸ್ಟಿಗೂ ಒಂದೇ ಸುತ್ತು ತಿದ್ದುಪಡಿ, 2 ಗಂಟೆ. ವಾರದ ದಿನಗಳಲ್ಲಿ ದಿನಕ್ಕೆ 20 ನಿಮಿಷ ಡಿಎಂ, ಕಾಮೆಂಟ್, ಅದು ಸುಮಾರು 7 ಗಂಟೆ. ಒಂದು ಫೋನ್ ಕಾಲ್ ಮತ್ತು ಸಣ್ಣ ರಿಪೋರ್ಟ್ ಒಂದೂವರೆ, ಶೆಡ್ಯೂಲಿಂಗ್ ಒಂದೂವರೆ. ಒಟ್ಟು 28 ಗಂಟೆ.

28ನ್ನು 45ರಿಂದ ಗುಣಿಸಿ 1,260 ಅಂತ ಕೊಟೇಶನ್ ಕೊಡಬೇಡಿ. ಇದು ಸರಾಸರಿ. ರಿಟೈನರ್‌ನಲ್ಲಿ ಗಂಟೆಗಳು ಎರಡೂ ಕಡೆ ಸಮನಾಗಿ ಏರಿಳಿಯಲ್ಲ. "ಈ ತಿಂಗಳು ಕಡಿಮೆ ಮಾಡು" ಅಂತ ಗ್ರಾಹಕರು ಹೇಳೋದು ಅಪರೂಪ, "ಇನ್ನೊಂದು ಹಾಕು" ಅನ್ನೋದು ವಾಡಿಕೆ. ಸರಾಸರಿಗೆ ಬೆಲೆ ಕಟ್ಟಿದರೆ ಹೆಚ್ಚಿನ ತಿಂಗಳು ನಷ್ಟವೇ. ಅದಕ್ಕೆ 15 ಶೇಕಡಾ ಸೇರಿಸಿ 32 ಗಂಟೆ ಅಂತ ಇಟ್ಟುಕೊಂಡೆವು. ಬೆಲೆ 1,450 ಡಾಲರ್. ಇದನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷೆ ಮಾಡಬಹುದು. ಇಂಥ ಮೂರು ಗ್ರಾಹಕರಿದ್ದರೆ ವರ್ಷಕ್ಕೆ 52,200 ಆಗತ್ತೆ, ನಾವು ಶುರು ಮಾಡಿದ ಅಂಕಿಗೇ ವಾಪಸ್ ಬಂದ ಹಾಗೆ. ನಿಮ್ಮ ಲೆಕ್ಕದಲ್ಲಿ ಏಳು ಗ್ರಾಹಕರು ಬೇಕು ಅಂತ ಬಂದರೆ, ಎಲ್ಲೋ ಒಂದು ಗಂಟೆಯನ್ನು ನೀವು ಮುಚ್ಚಿಟ್ಟಿದ್ದೀರಿ.

ಕೊಟೇಶನ್‌ನಲ್ಲಿ ಬೆಲೆಗಿಂತ ಮುಖ್ಯವಾದ ಭಾಗ "ಇದರಲ್ಲಿ ಸೇರಿಲ್ಲ" ಅನ್ನೋದು. ಅದನ್ನು ಅಕ್ಕ ಹೀಗೆ ಬರೆದಳು:

- ಸ್ಟೋರಿ, ಯೂಟ್ಯೂಬ್, ಗೂಗಲ್ ರಿವ್ಯೂಗೆ ಉತ್ತರ, ಪೇಯ್ಡ್ ಜಾಹೀರಾತು ಸೇರಿಲ್ಲ.
- ಎರಡನೇ ಸುತ್ತಿನ ತಿದ್ದುಪಡಿ, ಕಾರ್ಯಕ್ರಮಗಳಿಗೆ ಬಂದು ಶೂಟ್ ಮಾಡೋದು ಗಂಟೆಗೆ 60 ಡಾಲರ್. ಮೊದಲೇ ಮೆಸೇಜಿನಲ್ಲಿ ಒಪ್ಪಿಗೆ ಬೇಕು.
- ನೀವು ಕಳಿಸಬೇಕಾದ ಮೆನು, ಬೆಲೆ, ಫೋಟೋ ಹಿಂದಿನ ತಿಂಗಳ 25ರೊಳಗೆ ಬರಬೇಕು. ಬರದೇ ಇದ್ದರೆ ಆ ಪೋಸ್ಟ್ ಬಿಟ್ಟುಹೋಗತ್ತೆ, ಮುಂದಿನ ತಿಂಗಳಿಗೆ ಹೋಗಲ್ಲ.
- ಅಕೌಂಟ್ ನಿಮ್ಮ ಹೆಸರಲ್ಲೇ ಇರತ್ತೆ. ಪಾಸ್‌ವರ್ಡ್ ಬೇಡ, ಮೆಟಾ ಬಿಸಿನೆಸ್ ಸೆಟ್ಟಿಂಗ್ಸ್‌ನಿಂದ ನನಗೆ ಆಕ್ಸೆಸ್ ಕೊಡಿ.
- ಪೇಮೆಂಟ್ ತಿಂಗಳ ಒಂದನೇ ತಾರೀಕು, ಮುಂಗಡ. ನಿಲ್ಲಿಸೋದಾದರೆ ಇಬ್ಬರಲ್ಲಿ ಯಾರೇ ಆದರೂ 30 ದಿನ ಮೊದಲು ಹೇಳಬೇಕು.

ಮೂರನೇ ಸಾಲನ್ನು ಗಮನಿಸಿ. "ಬಿಟ್ಟುಹೋಗತ್ತೆ" ಅನ್ನೋದು ಕಟುವಾಗಿ ಕೇಳಬಹುದು. ಆದರೆ ಅದಿಲ್ಲದೆ ಇದ್ದರೆ ಜೂನ್‌ನ ಮೂರು ಪೋಸ್ಟ್ ಜುಲೈಗೆ, ಜುಲೈನ ಐದು ಆಗಸ್ಟ್‌ಗೆ ಅಂತ ಸಾಲ ಬೆಳೆದು, ವರಮಹಾಲಕ್ಷ್ಮಿ ಹಬ್ಬದ ವಾರ ಹದಿನೈದು ಪೋಸ್ಟ್ ಮಾಡಬೇಕಾಗತ್ತೆ. ತಡ ಮಾಡಿದವರು ಒಬ್ಬರು, ನಿದ್ದೆ ಕೆಡೋದು ಇನ್ನೊಬ್ಬರಿಗೆ.

ಡಿಸ್ಕೌಂಟ್ ಕೇಳಿದಾಗ

ಅಂಕಲ್ 1,450 ನೋಡಿ ಬೇಜಾರು ಮಾಡಿಕೊಂಡರು. "ಸಾವಿರಕ್ಕೆ ಮಾಡಮ್ಮ, ನಮ್ಮವರಲ್ವಾ" ಅಂದರು. ಇಲ್ಲಿ ಎಲ್ಲರೂ ಮಾಡೋ ತಪ್ಪು, ಕೆಲಸ ಅಷ್ಟೇ ಇಟ್ಟು ಬೆಲೆ ಇಳಿಸೋದು. ಆ ಕ್ಷಣದಲ್ಲೇ ನಿಮ್ಮ ಮೊದಲ ಅಂಕಿ ಸುಳ್ಳು ಅಂತ ನೀವೇ ಒಪ್ಪಿಕೊಂಡ ಹಾಗೆ. ಬೆಲೆ ಇಳೀಬೇಕು ಅಂದರೆ ಕೆಲಸ ಇಳೀಬೇಕು.

ಅಕ್ಕ ಡಿಎಂ ತೆಗೆದಳು. 7 ಗಂಟೆ ಹೋಯಿತು, 21 ಉಳಿಯಿತು, 15 ಶೇಕಡಾ ಸೇರಿಸಿದರೆ 24. ಬೆಲೆ 1,090. "ಅಂಕಲ್, ಮೆಸೇಜಿಗೆ ನೀವು ಅಥವಾ ಮಗ ಉತ್ತರ ಕೊಡಿ. ಪ್ಲೇಟಿಗೆ ಎಷ್ಟು ಅಂತ ಕೊನೆಗೂ ನಿಮ್ಮನ್ನೇ ಕೇಳಬೇಕಲ್ವಾ" ಅಂದಳು. ಅದೂ ನಿಜವೇ. ಲಾಗ್ ನೋಡಿದರೆ ಡಿಎಂಗೆ ಹೋದ ಸಮಯದಲ್ಲಿ ದೊಡ್ಡ ಪಾಲು ಅಂಕಲ್‌ನ ಕೇಳಿ, ಅವರ ಉತ್ತರಕ್ಕೆ ಕಾದು, ಮತ್ತೆ ಗ್ರಾಹಕರಿಗೆ ಹೇಳೋದೇ ಆಗಿತ್ತು.

ಫೋಟೋ ಶೂಟಿಂಗ್ ತೆಗೆಯೋದು ಬೇಡ ಅಂತ ಮೊದಲೇ ನಿರ್ಧರಿಸಿದ್ದೆವು. ಮೂರು ಗಂಟೆ ಉಳೀತು ಅನ್ನಿಸತ್ತೆ, ಆದರೆ ಹಳೇ ಲಾಗ್‌ನಲ್ಲಿ ಫೋಟೋಗಾಗಿ ಕಾಯೋಕೆ, ಸರಿಮಾಡೋಕೆ ಹೋಗಿದ್ದೇ ಐದು ಗಂಟೆ. ಎಲ್ಲ ಕಡಿತವೂ ಉಳಿತಾಯ ಆಗಲ್ಲ.

ನಮ್ಮವರು ಅನ್ನೋ ಪ್ರೀತಿಗೆ ರಿಯಾಯಿತಿ ಕೊಡಬಾರದು ಅಂತ ನಾನು ಹೇಳ್ತಿಲ್ಲ. ಕೊಡಿ, ಆದರೆ ಇನ್‌ವಾಯ್ಸ್‌ನಲ್ಲಿ ಬೇರೆ ಸಾಲಾಗಿ ಬರೆಯಿರಿ: ಪೂರ್ತಿ ಬೆಲೆ 1,090, ರಿಯಾಯಿತಿ 90, ಡಿಸೆಂಬರ್‌ವರೆಗೆ ಮಾತ್ರ. ಅಕ್ಕ ಹಾಗೇ ಮಾಡಿದಳು, ಅಂಕಲ್ ಕೇಳಿದ ಸಾವಿರವೂ ಆಯಿತು. ಪ್ರೀತಿಯ ಬೆಲೆ ಕಾಗದದ ಮೇಲೆ ಕಂಡರೆ ಅದಕ್ಕೆ ಥ್ಯಾಂಕ್ಸ್ ಸಿಗತ್ತೆ. ಕಾಣದೇ ಹೋದರೆ ಮುಂದಿನ ವರ್ಷ ಅದೇ ನಿಮ್ಮ ರೇಟ್ ಆಗಿರತ್ತೆ.

ಎದುರು ವಾದಗಳು

"ಬೆಂಗಳೂರಲ್ಲಿ ಇದನ್ನ ಹದಿನೈದು ಸಾವಿರ ರೂಪಾಯಿಗೆ ಮಾಡಿಕೊಡ್ತಾರೆ" ಅನ್ನೋ ಮಾತು ಗ್ಯಾರಂಟಿ ಬರತ್ತೆ. ಇರಬಹುದು. ಹಾಗಾದರೆ ಅವರಿಗೇ ಕೊಡಿ, ಅದರಲ್ಲಿ ಅವಮಾನ ಏನೂ ಇಲ್ಲ. ಆದರೆ ಬೆಂಗಳೂರಿನವರು ನ್ಯೂಜೆರ್ಸಿಯ ಅಡುಗೆಮನೆಗೆ ಬಂದು ಒಗ್ಗರಣೆಯ ವಿಡಿಯೋ ತೆಗೆಯಲ್ಲ. ಎಡಿಟಿಂಗ್ ಅಲ್ಲಿ, ಶೂಟಿಂಗ್ ಇಲ್ಲಿ ಅಂತ ಭಾಗ ಮಾಡಬಹುದು, ಅದೂ ಸ್ಕೋಪ್ ಬರೆದ ಮೇಲೇ ಸಾಧ್ಯ. ಇಲ್ಲಿನ ಕೆಲಸವನ್ನು ಅಲ್ಲಿನ ಬೆಲೆಗೆ ಕೇಳೋದು ಮಾತ್ರ ಹೋಲಿಕೆ ಅಲ್ಲ. ಅದೇ ಅಂಕಲ್ ತಮ್ಮ ಹೋಳಿಗೆಗೆ ಗಾಂಧಿಬಜಾರಿನ ಬೆಲೆ ಹಾಕ್ತಾರಾ?

ಎರಡನೇ ವಾದ ಇದಕ್ಕಿಂತ ಗಟ್ಟಿ: "ಗಂಟೆ ಕಟ್ಟಿಕೊಂಡು ನನಗೇನು, ನನಗೆ ಆರ್ಡರ್ ಬೇಕು." ಸಣ್ಣ ವ್ಯಾಪಾರ ನಡೆಸೋರ ಈ ಚಿಂತೆ ನ್ಯಾಯವೇ. ಆದರೆ ಆರ್ಡರ್ ಬರೋದು ರುಚಿ, ಬೆಲೆ, ಫೋನ್ ಎತ್ತೋ ವೇಗ, ಇವೆಲ್ಲದರಿಂದ. ಇದರಲ್ಲಿ ಅಕ್ಕನ ಕೈಯಲ್ಲಿರೋದು ಒಂದು ಭಾಗ ಮಾತ್ರ. ತಿಂಗಳಿಗೆ ಎಂಟೋ ಹತ್ತೋ ಆರ್ಡರ್ ಇರೋ ವ್ಯಾಪಾರದಲ್ಲಿ, ಎರಡು ಆರ್ಡರ್ ಜಾಸ್ತಿ ಆದರೆ ಅದು ರೀಲಿನಿಂದಲೋ ಮುಹೂರ್ತದ ಸೀಸನ್‌ನಿಂದಲೋ ಅಂತ ನನ್ನ ಯಾವ ಮಾಡೆಲ್ಲೂ ಹೇಳಲಾರದು. ಹಾಗಾಗಿ ಫಲಿತಾಂಶದ ಮೇಲೆ ಸಂಬಳ ಅಂದರೆ ಸೀಸನ್‌ನ ರಿಸ್ಕನ್ನು ಅಕ್ಕನ ತಲೆಗೆ ಕಟ್ಟಿದ ಹಾಗೆ. ಗ್ರಾಹಕರು ನ್ಯಾಯವಾಗಿ ಕೇಳಬಹುದಾದ್ದು ಬೇರೆ ಇದೆ. ಒಪ್ಪಿದ್ದು ಒಪ್ಪಿದ ದಿನ ಆಯಿತಾ? ಹೊಸಬರು ಎಷ್ಟು ಜನ ವಿಚಾರಿಸಿದರು? ಮೂರು ತಿಂಗಳಾದ ಮೇಲೂ ಇದು ಬೇಕಾ? 30 ದಿನದ ನೋಟಿಸ್ ಇರೋದೇ ಅದಕ್ಕೆ.

ಮೂರನೆಯದು ಕೆಲಸ ಮಾಡೋರದ್ದೇ ಭಯ: ಗಂಟೆ ಲೆಕ್ಕ ಇಟ್ಟರೆ ಬೇಗ ಮುಗಿಸೋರಿಗೆ ನಷ್ಟ ಅಲ್ವಾ? ಗಂಟೆಯ ಲೆಕ್ಕ ಇರೋದು ನಿಮ್ಮ ಶೀಟಿನಲ್ಲಿ, ಬೆಲೆ ಕಟ್ಟೋದಕ್ಕೆ. ಇನ್‌ವಾಯ್ಸ್‌ನಲ್ಲಿ ಹೋಗೋದು ಕೆಲಸದ ಪಟ್ಟಿ ಮತ್ತು ಒಂದು ಮೊತ್ತ. ರೀಲನ್ನು ಒಂದು ಗಂಟೆಗೆ ಮುಗಿಸೋದು ಕಲಿತರೆ ಆ ಲಾಭ ನಿಮ್ಮದೇ.

ಆಮೇಲೆ

ಹೊಸ ಒಪ್ಪಂದ ಜೂನ್‌ನಿಂದ ಶುರುವಾಯಿತು. ಎಲ್ಲ ಸುಖಾಂತ ಅಂತ ಹೇಳಲ್ಲ. ಅಕ್ಕನ ಇನ್ನೊಂದು ಗ್ರಾಹಕರು, ಒಂದು ಡ್ಯಾನ್ಸ್ ಕ್ಲಾಸ್‌ನವರು, ಇದೇ ರೀತಿಯ ಕೊಟೇಶನ್ ನೋಡಿ ಬಿಟ್ಟುಹೋದರು. ತಿಂಗಳಿಗೆ 500 ಡಾಲರ್ ನಿಂತುಹೋಯಿತು, ಎರಡು ತಿಂಗಳು ಆ ಜಾಗ ಖಾಲಿಯೇ ಇತ್ತು. ಅಂಕಲ್‌ನ ಮಗ ಡಿಎಂಗೆ ಕೆಲವೊಮ್ಮೆ ಎರಡು ದಿನ ತಡವಾಗಿ ಉತ್ತರ ಕೊಡ್ತಾನೆ. ನೋಡೋಕೆ ಅಕ್ಕನಿಗೆ ಕೈ ತುರಿಸತ್ತೆ, ಆದರೂ ಮುಟ್ಟಲ್ಲ. ಒಂದು ಸಲ ಪುಕ್ಕಟೆ ಉತ್ತರ ಕೊಟ್ಟರೆ ಅದು ಮತ್ತೆ ಅವಳ ಕೆಲಸವೇ ಆಗಿಬಿಡತ್ತೆ.

ಪ್ರತಿ ತಿಂಗಳ ಕೊನೆಗೆ ಅವಳು ಒಂದೇ ಭಾಗಾಕಾರ ಮಾಡ್ತಾಳೆ: ಬಂದ ಮೊತ್ತ ಭಾಗಿಸು ನಿಜವಾಗಿ ಹೋದ ಗಂಟೆ. ಪೂರ್ತಿ ಬೆಲೆ ಕೊಡೋರಲ್ಲಿ ಉತ್ತರ 45ಕ್ಕಿಂತ ಮೇಲಿರಬೇಕು. ರಿಯಾಯಿತಿ ಇರೋ ಅಂಕಲ್‌ದು 41ಕ್ಕಿಂತ ಕೆಳಗೆ ಬರಬಾರದು, ಅಷ್ಟನ್ನು ಅವಳು ಗೊತ್ತಿದ್ದೇ ಬಿಟ್ಟುಕೊಟ್ಟಿದ್ದಾಳೆ. ಎರಡು ತಿಂಗಳು ಸತತವಾಗಿ ಕೆಳಗೆ ಬಂದರೆ ಬೆಲೆ ಅಥವಾ ಸ್ಕೋಪ್, ಎರಡರಲ್ಲಿ ಒಂದರ ಬಗ್ಗೆ ಮಾತಾಡೋ ಸಮಯ. ಒಂದೇ ತಿಂಗಳು ಬಂದರೆ ಸುಮ್ಮನಿರ್ತಾಳೆ, ಅದಕ್ಕೇ ಅಲ್ವಾ 15 ಶೇಕಡಾ ಇಟ್ಟಿದ್ದು.

ಅಕ್ಟೋಬರ್‌ನಲ್ಲಿ ದೀಪಾವಳಿ ಬಂತು. ಅಂಕಲ್ ಸ್ವೀಟ್ ಬಾಕ್ಸ್‌ಗಾಗಿ ಇನ್ನೂ ಮೂರು ರೀಲ್ ಬೇಕು, ಶೂಟಿಂಗ್‌ಗೆ ಇನ್ನೊಂದು ಸಲ ಬಾ ಅಂದರು. ಹಿಂದಿನ ವರ್ಷ ಇದೇ ಮಾತಿಗೆ ಅಕ್ಕ "ಆಯ್ತು ಅಂಕಲ್" ಅಂದು ಎರಡು ರಾತ್ರಿ ಕೂತಿದ್ದಳು. ಈ ಸಲ "ಏಳು ಗಂಟೆ ಆಗತ್ತೆ ಅಂಕಲ್, 420 ಡಾಲರ್, ಓಕೆನಾ?" ಅಂತ ಮೆಸೇಜ್ ಕಳಿಸಿದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಓಕೆ ಅಮ್ಮ, ಶನಿವಾರ ಬಾ. ಊಟ ಇಲ್ಲೇ ಮಾಡು." ಸಂಬಂಧ ಕೆಡತ್ತೆ ಅಂತ ಹೆದರಿ ಅಷ್ಟು ತಿಂಗಳು ಕೇಳದೇ ಇದ್ದ ಪ್ರಶ್ನೆ ಅದು.